ಅಕ್ಕನ ಚೌಕಾಬಾರ ಮತ್ತು ಹದಿನಾರು ಬಿಟ್ಟಿನ ಕಥೆ

ನಮ್ಮ ಸೋದರಮಾವ ಪೀಣ್ಯ ಎರಡನೇ ಹಂತದಲ್ಲಿ ಒಂದು ಸಣ್ಣ ಲೇತ್ ವರ್ಕ್‌ಶಾಪ್ ಇಟ್ಟಿದ್ದರು. ಇಟ್ಟಿದ್ದರು ಅಂತ ಯಾಕಂದೆ ಅಂದ್ರೆ ಈ ವರ್ಷ ಅದನ್ನ ಮುಚ್ಚಿಬಿಟ್ಟರು. ವಯಸ್ಸಾಯ್ತು, ಮಂಡಿನೋವು, ನೋಡಿಕೊಳ್ಳೋಕೆ ಯಾರೂ ಇಲ್ಲ. ಮಷೀನುಗಳನ್ನೆಲ್ಲ ಪಕ್ಕದ ಶೆಡ್ಡಿನವರೇ ತಗೊಂಡರು. ಕೊನೆಗೆ ಉಳಿದದ್ದು ಆಫೀಸು ರೂಮಿನ ಮೇಜಿನ ಕೆಳಗೆ ಧೂಳು ತಿನ್ನುತ್ತಾ ಕೂತಿದ್ದ ಒಂದು ಹಳೇ ಕಂಪ್ಯೂಟರ್. ವಿಂಡೋಸ್ 98ರದ್ದು. ಎಸ್‌ಎಂಪಿಎಸ್ ಸುಟ್ಟುಹೋಗಿ ವರ್ಷಗಳಾಗಿತ್ತು.

"ನೀನು ವೈಟ್‌ಫೀಲ್ಡಲ್ಲಿ ಸಾಫ್ಟ್‌ವೇರ್ ಅಲ್ವೇನೋ, ಇದರಲ್ಲಿ ನಿಮ್ಮಕ್ಕ ಮಾಡಿದ್ದ ಚೌಕಾಬಾರ ಇದೆ, ತೆಗೆದುಕೊಡು. ಮೊಮ್ಮಗಳಿಗೆ ತೋರಿಸಬೇಕು" ಅಂದರು ಮಾವ.

ಅಕ್ಕ ಅಂದ್ರೆ ಮಾವನ ಮಗಳು. 1998ರಲ್ಲಿ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಓದುವಾಗ ವಿಷುಯಲ್ ಬೇಸಿಕ್ 3ರಲ್ಲಿ ಈ ಆಟ ಬರೆದಿದ್ದಳು. ಐದು ಇಂಟು ಐದರ ಮನೆ, ನಾಲ್ಕು ಕವಡೆ, ಇಬ್ಬರು ಆಡುವ ಆಟ. ನಾನು ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದಾಗಲೆಲ್ಲ, ಕಟಿಂಗ್ ಆಯಿಲ್ ವಾಸನೆ ನಡುವೆ ಕೂತು, ಇದನ್ನೇ ಆಡುತ್ತಿದ್ದೆ. ಎದುರಾಳಿ ಇರದಿದ್ದರೆ ಎರಡೂ ಕಡೆ ನಾನೇ. ಅಕ್ಕ ಆಮೇಲೆ ಮದುವೆಯಾಗಿ ತುಮಕೂರಿಗೆ ಹೋದಳು, ಕಂಪ್ಯೂಟರ್ ಕೆಲಸ ಅಲ್ಲಿಗೇ ನಿಂತಿತು. ಈಗ ಅವಳ ಮಗಳು ಹೈಸ್ಕೂಲಿನಲ್ಲಿ ಕೋಡಿಂಗ್ ಕಲಿಯುತ್ತಿದ್ದಾಳೆ. "ಅಮ್ಮ ಗೇಮ್ ಮಾಡಿದ್ದಳು" ಅಂದರೆ ಆ ಹುಡುಗಿ ನಂಬೋದೇ ಇಲ್ಲವಂತೆ. ಮಾವನಿಗೆ ಅದೇ ಕೊರಗು.

ಸರಿ, ಹಾರ್ಡ್ ಡಿಸ್ಕ್ ಬಿಚ್ಚಿಕೊಂಡು ಬಂದೆ. ಎಸ್.ಪಿ. ರೋಡಿನಲ್ಲಿ ಒಂದು ಐಡಿಇ-ಯುಎಸ್‌ಬಿ ಅಡಾಪ್ಟರ್ ಸಿಕ್ಕಿತು. ಪುಣ್ಯಕ್ಕೆ ಡಿಸ್ಕ್ ಇನ್ನೂ ತಿರುಗುತ್ತಿತ್ತು. ಒಂದು ಫೋಲ್ಡರಿನಲ್ಲಿ CHOUKA.EXE ಕೂತಿತ್ತು. ಸೋರ್ಸ್ ಕೋಡ್ ಮಾತ್ರ ಎಲ್ಲೂ ಇಲ್ಲ. ಅದು ಫ್ಲಾಪಿಯಲ್ಲಿತ್ತು, ಫ್ಲಾಪಿಗೆ ಬೂಷ್ಟು ಹಿಡಿದು ಎಂದೋ ಕಸಕ್ಕೆ ಹೋಯಿತು ಅಂತ ಅಕ್ಕನೇ ಫೋನಿನಲ್ಲಿ ಹೇಳಿದಳು.

ನನ್ನ ವಿಂಡೋಸ್ 11 ಲ್ಯಾಪ್‌ಟಾಪಿಗೆ ಕಾಪಿ ಮಾಡಿ ಡಬಲ್ ಕ್ಲಿಕ್ ಮಾಡಿದೆ. ಬಂದ ಉತ್ತರ:

```
This app can't run on your PC
To find a version for your PC, check with the software publisher.
```

ಪಬ್ಲಿಷರ್ ತುಮಕೂರಿನಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದಾಳೆ ಮಾರಾಯ್ರೇ :-)

ಪ್ರಾಪರ್ಟೀಸಿಗೆ ಹೋಗಿ ಕಂಪ್ಯಾಟಿಬಿಲಿಟಿ ಟ್ಯಾಬಿನಲ್ಲಿ ವಿಂಡೋಸ್ 95 ಅಂತ ಆರಿಸಿ ನೋಡಿದೆ. ಅದೇ ಉತ್ತರ. ಆಫೀಸಿನಲ್ಲಿ ಕೇಳಿದರೆ ಎಲ್ಲರದ್ದೂ ಒಂದೇ ಮಾತು, "ಹದಿನಾರು ಬಿಟ್ಟಿನದು ಅರವತ್ನಾಲ್ಕರ ಮೇಲೆ ಓಡಲ್ಲ". ಯಾಕೆ ಓಡಲ್ಲ ಅಂದರೆ ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಇಂಜಿನಿಯರಿಂಗಿನಲ್ಲಿ 8086 ಪೇಪರು ಪಾಸು ಮಾಡಿದ್ದೇನೆ ಅನ್ನೋದು ಬೇರೆ ನಾಚಿಕೆ. ಎರಡು ವಾರ ರಾತ್ರಿ ಕೂತು ಹುಡುಕಿದ್ದನ್ನ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಅದು ನಿಜಕ್ಕೂ ಹದಿನಾರು ಬಿಟ್ಟಿನದೇ?

ಇದನ್ನ ಊಹಿಸಬೇಕಾಗಿಲ್ಲ, ಫೈಲೇ ಹೇಳುತ್ತೆ. ವಿಂಡೋಸಿನ ಯಾವುದೇ EXE ಫೈಲಿನ ಮೊದಲ ಎರಡು ಅಕ್ಷರ MZ. ಅದು ಡಾಸ್ ಕಾಲದ ಮೈಕ್ರೋಸಾಫ್ಟ್ ಪ್ರೋಗ್ರಾಮರ್ ಮಾರ್ಕ್ ಜ್ಬಿಕೋವ್‌ಸ್ಕಿಯ ಹೆಸರಿನ ಮೊದಲಕ್ಷರಗಳು. ಇವತ್ತಿಗೂ ಹಾಗೇ ಇವೆ. ಅಲ್ಲಿಂದ ಮುಂದೆ 0x3C ಅನ್ನುವ ಜಾಗದಲ್ಲಿ "ನಿಜವಾದ ಹೆಡರ್ ಎಲ್ಲಿದೆ" ಅನ್ನುವ ಸಂಖ್ಯೆ ಇರುತ್ತೆ. ಅಲ್ಲಿಗೆ ಹೋಗಿ ನೋಡಿದರೆ ಇನ್ನೆರಡು ಅಕ್ಷರ. PE ಅಂತಿದ್ದರೆ 32 ಅಥವಾ 64 ಬಿಟ್ಟಿನದು. NE ಅಂತಿದ್ದರೆ ವಿಂಡೋಸ್ 3.1ರ ಕಾಲದ 16 ಬಿಟ್ಟಿನದು. ಪೈಥಾನ್ ಇದ್ದರೆ ಮೂರು ಸಾಲು ಸಾಕು:

```
b = open("CHOUKA.EXE", "rb").read()
p = int.from_bytes(b[0x3C:0x40], "little")
print(b[:2], b[p:p+2])
```

ನನಗೆ ಬಂದದ್ದು:

```
b'MZ' b'NE'
```

ವಿಷುಯಲ್ ಬೇಸಿಕ್ 3 ಬಂದದ್ದು 1993ರಲ್ಲಿ. ಅದು ಹುಟ್ಟಿಸುವುದೆಲ್ಲ NE ಫೈಲೇ. ಅಕ್ಕ ಬರೆದದ್ದು 1998ರಲ್ಲಾದರೂ ಅವಳ ಕಾಲೇಜಿನ ಲ್ಯಾಬಿನಲ್ಲಿ ಇದ್ದದ್ದು ಐದು ವರ್ಷ ಹಳೇದು. ಹೀಗಾಗಿ ವಿಂಡೋಸ್ 98ರ ಮೇಲೆ ಆಡುತ್ತಿದ್ದ ಆಟವಾದರೂ ಹುಟ್ಟಿನಿಂದ ಅದು ವಿಂಡೋಸ್ 3.1ರ ಮಗು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಎಷ್ಟೋ ಸಲ ಆಟ 32 ಬಿಟ್ಟಿನದೇ ಇರುತ್ತೆ, ಆದರೆ ಸಿಡಿಯಲ್ಲಿರುವ SETUP.EXE ಮಾತ್ರ 16 ಬಿಟ್ಟಿನದು. 95ರ ಸುಮಾರಿನಲ್ಲಿ ಇನ್‌ಸ್ಟಾಲರುಗಳನ್ನ ಎಲ್ಲ ಕಡೆ ಓಡಲಿ ಅಂತ ಹಾಗೆ ಮಾಡುತ್ತಿದ್ದರು. ಒಳಗೆ ಮನೆ ಗಟ್ಟಿಯಾಗಿದೆ, ಬಾಗಿಲು ಮಾತ್ರ ಗೆದ್ದಲು ತಿಂದಿದೆ. 64 ಬಿಟ್ ವಿಂಡೋಸಿಗೆ ಇದು ಗೊತ್ತು. ಇನ್‌ಸ್ಟಾಲ್‌ಶೀಲ್ಡಿನಂಥ ಕೆಲವು ಇನ್‌ಸ್ಟಾಲರುಗಳನ್ನ ಗುರುತು ಹಿಡಿದು, ಅದರ ಬದಲು ತನ್ನ ಬಳಿ ಇರುವ 32 ಬಿಟ್ಟಿನದನ್ನ ಸದ್ದಿಲ್ಲದೆ ಓಡಿಸುತ್ತೆ. ಗುರುತು ಸಿಗದಿದ್ದರೆ ನನಗೆ ಬಂದಂಥ ಉತ್ತರವೇ. ಆದ್ದರಿಂದ ಸೆಟಪ್ ಓಡಲಿಲ್ಲ ಅಂತ ಸಿಡಿ ಎಸೆಯಬೇಡಿ. ಒಳಗಿರುವ ಆಟದ ಫೈಲನ್ನೂ ಮೇಲಿನ ಹಾಗೆ ತಪಾಸಣೆ ಮಾಡಿ.

ಪ್ರೊಸೆಸರ್ ಮೇಲೆ ಹೊರಿಸುವ ಅರ್ಧ ಸತ್ಯ

ಅಂತರ್ಜಾಲದಲ್ಲಿ ಹುಡುಕಿದರೆ ಮೊದಲು ಸಿಗುವ ಕಾರಣ ಪ್ರೊಸೆಸರ್. ಅದರಲ್ಲಿ ಅರ್ಧ ನಿಜ ಇದೆ.

1985ರಲ್ಲಿ ಇಂಟೆಲ್ 386 ಬಂದಾಗ ಅದರ ಜೊತೆ ವರ್ಚುವಲ್ 8086 ಮೋಡ್ ಅನ್ನುವ ಸೌಲಭ್ಯ ಬಂತು. ಒಂದು 32 ಬಿಟ್ ಆಪರೇಟಿಂಗ್ ಸಿಸ್ಟಂ ಒಳಗೇ, ಹಳೇ ಡಾಸ್ ಪ್ರೋಗ್ರಾಮಿಗೆ "ನೀನು ಒಬ್ಬನೇ ಇದ್ದೀಯ, ಇಡೀ 8086 ನಿನ್ನದೇ" ಅಂತ ನಂಬಿಸಿ ಓಡಿಸುವ ಉಪಾಯ. ವಿಂಡೋಸ್ ಎನ್‌ಟಿ ಸಾಲಿನಲ್ಲಿ ಇದನ್ನ ಬಳಸಿಕೊಂಡ ಭಾಗದ ಹೆಸರು NTVDM. ವಿಂಡೋಸ್ 3.1ರ ಪ್ರೋಗ್ರಾಮುಗಳೂ ಎನ್‌ಟಿ, 2000, ಎಕ್ಸ್‌ಪಿಗಳಲ್ಲಿ ಓಡಿದ್ದು ಇದರೊಳಗೇ ಕೂತು.

ಆಮೇಲೆ ಎಎಂಡಿ ಕಂಪನಿ 64 ಬಿಟ್ಟಿನ ವಿನ್ಯಾಸ ಮಾಡಿತು. 2003ರಲ್ಲಿ ಆಪ್ಟೆರಾನ್ ಚಿಪ್ ಮಾರುಕಟ್ಟೆಗೆ ಬಂತು, ಇಂಟೆಲ್ ಕೂಡ ಅದೇ ದಾರಿ ಹಿಡಿಯಿತು. ಈ ವಿನ್ಯಾಸದಲ್ಲಿ ಪ್ರೊಸೆಸರ್ 64 ಬಿಟ್ಟಿನ ಮೋಡಿಗೆ ಹೋದ ಮೇಲೆ ವರ್ಚುವಲ್ 8086 ಮೋಡ್ ಇರೋದಿಲ್ಲ. ಆದ್ದರಿಂದ ಡೇಂಜರಸ್ ಡೇವ್, ಪ್ರಿನ್ಸ್ ಆಫ್ ಪರ್ಶಿಯಾದಂಥ ಡಾಸ್ ಆಟಗಳ ಮಟ್ಟಿಗೆ "ಪ್ರೊಸೆಸರ್ ಬಿಡೋದಿಲ್ಲ" ಅನ್ನೋ ಮಾತು ಸರಿ. ಅವನ್ನ ಡಾಸ್‌ಬಾಕ್ಸ್ ಓಡಿಸುತ್ತಲ್ಲ ಅಂದರೆ, ಅದು ಇಡೀ ಹಳೇ ಪ್ರೊಸೆಸರನ್ನೇ ಸಾಫ್ಟ್‌ವೇರಿನಲ್ಲಿ ಅನುಕರಿಸುತ್ತೆ.

ಆದರೆ ಅಕ್ಕನ ಚೌಕಾಬಾರ ಡಾಸ್ ಆಟ ಅಲ್ಲ. ವಿಂಡೋಸ್ 3.1ರ ಪ್ರೋಗ್ರಾಮುಗಳು ಓಡುವುದು 16 ಬಿಟ್ಟಿನ ಪ್ರೊಟೆಕ್ಟೆಡ್ ಮೋಡಿನಲ್ಲಿ. ಆ ಮೋಡನ್ನ ಎಎಂಡಿಯವರು ತೆಗೆದಿಲ್ಲ! 64 ಬಿಟ್ ಸಿಸ್ಟಂ ಒಳಗೂ ಅಂಥ ಕೋಡ್ ಓಡಿಸಲು ಚಿಪ್ ಅವಕಾಶ ಕೊಡುತ್ತೆ. ಸಾಕ್ಷಿ ಬೇಕಾದರೆ ಲಿನಕ್ಸ್ ನೋಡಿ. 64 ಬಿಟ್ ಲಿನಕ್ಸಿನ ಮೇಲೆ ವೈನ್ ಹಾಕಿಕೊಂಡರೆ ವಿಂಡೋಸ್ 3.1ರ ಪ್ರೋಗ್ರಾಮುಗಳು ಓಡುತ್ತವೆ. ಚಿಪ್ ಅದೇ, ಲ್ಯಾಪ್‌ಟಾಪ್ ಅದೇ. ಅಂದಮೇಲೆ ಬೇಡ ಅನ್ನುತ್ತಿರುವುದು ವಿಂಡೋಸೇ ಅಂತಾಯ್ತು. ಅದಕ್ಕೇನು ಕಾರಣ?

ಟೋಕನ್ ನಂಬರಿನ ಸಮಸ್ಯೆ

ಕಾರಣ ಹ್ಯಾಂಡಲ್. ವಿಂಡೋಸಿನಲ್ಲಿ ಒಂದು ಪ್ರೋಗ್ರಾಮು ಕಿಟಕಿ ತೆರೆದರೂ, ಬಟನ್ ಇಟ್ಟರೂ, ಬಣ್ಣದ ಕುಂಚ ಕೇಳಿದರೂ, ಸಿಸ್ಟಂ ಆ ವಸ್ತುವನ್ನೇ ಕೈಗೆ ಕೊಡುವುದಿಲ್ಲ. ಒಂದು ನಂಬರ್ ಕೊಡುತ್ತೆ. ಮದುವೆ ಛತ್ರದಲ್ಲಿ ಚಪ್ಪಲಿ ಬಿಟ್ಟರೆ ಟೋಕನ್ ಕೊಡುತ್ತಾರಲ್ಲ, ಹಾಗೆ. ಆಮೇಲೆ ಪ್ರೋಗ್ರಾಮು "ಈ ನಂಬರಿನ ಕಿಟಕಿಗೆ ಬಣ್ಣ ಹಚ್ಚು" ಅಂತಷ್ಟೇ ಹೇಳಬೇಕು. ಈ ನಂಬರೇ ಹ್ಯಾಂಡಲ್.

16 ಬಿಟ್ಟಿನ ಪ್ರೋಗ್ರಾಮು ಈ ಟೋಕನನ್ನ ಇಟ್ಟುಕೊಳ್ಳುವ ಜೇಬೂ 16 ಬಿಟ್ಟಿನದೇ. ಸೊನ್ನೆಯಿಂದ 65,535ರ ತನಕ ಹಿಡಿಯುತ್ತೆ, ಅದಕ್ಕಿಂತ ಹೆಚ್ಚಿಲ್ಲ. 32 ಬಿಟ್ ವಿಂಡೋಸಿನಲ್ಲಿ ಟೋಕನ್ 32 ಬಿಟ್ಟಿನದಾಗಿದ್ದರೂ, ವಸ್ತು ಯಾವುದು ಅಂತ ಕಂಡುಹಿಡಿಯಲು ಅದರ ಕೆಳಗಿನ 16 ಬಿಟ್ಟೇ ಸಾಕಾಗುವಂತೆ ಇಟ್ಟಿದ್ದರು. ಹಳೇ ಪ್ರೋಗ್ರಾಮಿಗೆ ಕೊಡುವಾಗ ಮೇಲಿನ ಅರ್ಧ ಕತ್ತರಿಸಿ ಕೊಟ್ಟರೂ ನಷ್ಟ ಇರಲಿಲ್ಲ.

64 ಬಿಟ್ ವಿಂಡೋಸಿನಲ್ಲಿ ಈ ಏರ್ಪಾಡು ಬಿಟ್ಟುಬಿಟ್ಟರು. ಅಲ್ಲಿ ಹ್ಯಾಂಡಲ್ಲಿನ 32 ಬಿಟ್ಟೂ ಅರ್ಥವುಳ್ಳದ್ದು ಅಂತ ಮೈಕ್ರೋಸಾಫ್ಟಿನ ದಾಖಲೆಯೇ ಹೇಳುತ್ತೆ. ಕತ್ತರಿಸಿದರೆ ಮಾಹಿತಿ ನಷ್ಟ. ಉದಾಹರಣೆಗೆ, ಒಂದು ಕಿಟಕಿಗೆ 70,000 ಅನ್ನುವ ಟೋಕನ್ ಬಂತು ಅಂದುಕೊಳ್ಳಿ. ಅಕ್ಕನ ಆಟ ಅದನ್ನ ತನ್ನ 16 ಬಿಟ್ಟಿನ ಜೇಬಿಗೆ ಹಾಕಿಕೊಂಡರೆ ಉಳಿಯುವುದು 70,000ರಲ್ಲಿ 65,536 ಕಳೆದು 4,464. ಮುಂದಿನ ಸಲ "4,464ನೇ ಕಿಟಕಿಗೆ ಕವಡೆ ಬಿಡಿಸು" ಅನ್ನುತ್ತೆ. ಆ ನಂಬರಿನಲ್ಲಿ ಯಾರೂ ಇಲ್ಲದಿರಬಹುದು, ಅಥವಾ ಇನ್ಯಾವುದೋ ಪ್ರೋಗ್ರಾಮಿನ ಕಿಟಕಿ ಇರಬಹುದು. ಬೇರೆಯವರ ಚಪ್ಪಲಿ ಹಾಕಿಕೊಂಡು ಬಂದ ಹಾಗೆ. ಇಂಥ ತಪ್ಪು ಮೊದಲ ಸೆಕೆಂಡಿನಲ್ಲೇ ಕಾಣಿಸಿಕೊಳ್ಳದೆ ಯಾವಾಗಲೋ ಕೈಕೊಡುತ್ತೆ. ಅದಕ್ಕೇ ವಿಂಡೋಸ್ ಬಾಗಿಲಲ್ಲೇ ತಡೆದು ERROR_BAD_EXE_FORMAT ಅಂತ ಹೇಳಿ ಕಳಿಸಿಬಿಡುತ್ತೆ.

ಇದನ್ನ ಮಾವನಿಗೆ ಹೇಳಿದೆ. ಅವರು ಒಂದು ಕ್ಷಣ ಯೋಚಿಸಿ, "ಅಂದ್ರೆ ಇಂಚಿನ ಬೋಲ್ಟಿಗೆ ಎಂಎಂ ನಟ್ಟು. ಎರಡು ಸುತ್ತು ಹಿಡಿಯುತ್ತೆ, ಆಮೇಲೆ ಥ್ರೆಡ್ ಕಿತ್ತುಹೋಗುತ್ತೆ" ಅಂದರು. ನಾನು ಎರಡು ವಾರ ಓದಿದ್ದು ಅವರಿಗೆ ಎರಡು ಸುತ್ತಿನಲ್ಲಿ ಮುಗಿಯಿತು.

ಹೊಸದು ಹಳೇದು ಅನ್ನೋದಲ್ಲ

ಇಲ್ಲಿ ಒಂದು ತಮಾಷೆ ಇದೆ. ವಿಂಡೋಸ್ ಎಷ್ಟು ಹೊಸದು ಅನ್ನೋದಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. 2005ರಲ್ಲಿ ಬಂದ ಎಕ್ಸ್‌ಪಿಯ 64 ಬಿಟ್ ಆವೃತ್ತಿ ಅಕ್ಕನ ಆಟ ಓಡಿಸುತ್ತಿರಲಿಲ್ಲ. 2015ರಲ್ಲಿ ಬಂದ ವಿಂಡೋಸ್ 10ರ 32 ಬಿಟ್ ಆವೃತ್ತಿ, NTVDM ಸೇರಿಸಿಕೊಂಡರೆ, ಓಡಿಸುತ್ತಿತ್ತು. ಬಾಗಿಲು ಪೂರ್ತಿ ಮುಚ್ಚಿದ್ದು 2021ರಲ್ಲಿ. ಆ ವರ್ಷ ಬಂದ ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರಿಗೆ ಮುಗಿಯಿತು.

ಕಂಪ್ಯಾಟಿಬಿಲಿಟಿ ಟ್ಯಾಬ್ ಯಾಕೆ ಉಪಯೋಗಕ್ಕೆ ಬರಲಿಲ್ಲ ಅನ್ನೋದೂ ಈಗ ತಿಳಿಯುತ್ತೆ. ಅದು ಮಾಡುವುದು ಪ್ರೋಗ್ರಾಮು "ಇದು ಯಾವ ವಿಂಡೋಸು?" ಅಂತ ಕೇಳಿದಾಗ "95" ಅಂತ ಸುಳ್ಳು ಹೇಳುವಂಥ ಕೆಲಸಗಳು. ಸುಳ್ಳು ಹೇಳಬೇಕಾದರೂ ಪ್ರೋಗ್ರಾಮು ಒಮ್ಮೆ ಶುರುವಾಗಬೇಕಲ್ಲ.

ಮೈಕ್ರೋಸಾಫ್ಟ್ ಮನಸ್ಸು ಮಾಡಿದ್ದರೆ ಟೋಕನ್ ಬದಲಿಸಿಕೊಡುವ ಒಂದು ಪಟ್ಟಿ ಇಟ್ಟು ಇದನ್ನೂ ಸಾಧಿಸಬಹುದಿತ್ತು ಅಂತ ನನಗೂ ಅನ್ನಿಸಿತು. ಆದರೆ ಹಳೇದನ್ನ ಹೊತ್ತು ತಿರುಗುವುದಕ್ಕೂ ಬೆಲೆ ಇದೆ. 2010ರ ಜನವರಿಯಲ್ಲಿ ಟ್ಯಾವಿಸ್ ಓರ್ಮಂಡಿ ಅನ್ನುವ ಭದ್ರತಾ ತಜ್ಞ ಇದೇ NTVDM ವ್ಯವಸ್ಥೆಯಲ್ಲಿ ಒಂದು ತೂತು ತೋರಿಸಿದರು. ಸಾಧಾರಣ ಬಳಕೆದಾರ ಅದರ ಮೂಲಕ ಇಡೀ ಸಿಸ್ಟಂ ವಶಪಡಿಸಿಕೊಳ್ಳಬಹುದಿತ್ತು. ಆ ತೂತು 1993ರ ಎನ್‌ಟಿ 3.1ರಿಂದ ಹದಿನೇಳು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 64 ಬಿಟ್ ವಿಂಡೋಸಿಗೆ ಅದು ತಾಗಲಿಲ್ಲ, ಯಾಕಂದ್ರೆ ಅಲ್ಲಿ NTVDM ಇರಲೇ ಇಲ್ಲ. ನಮ್ಮ ಹಳೇ ಆಟ ಓಡದೇ ಇರುವುದೇ ಅಲ್ಲಿ ರಕ್ಷಣೆಯಾಯಿತು.

ಎಲ್ಲ ಹಳೇ ಆಟಗಳ ಕಾಯಿಲೆಯೂ ಇದೇ ಅಲ್ಲ ಅನ್ನೋದನ್ನೂ ಹೇಳಬೇಕು. 2000ದ ನಂತರದ ಎಷ್ಟೋ ಆಟಗಳು ಸರಿಯಾದ 32 ಬಿಟ್ಟಿನವು. ಆದರೂ ಅಸಲಿ ಸಿಡಿ ಹಾಕಿದರೆ ಓಡುವುದಿಲ್ಲ. ಅಲ್ಲಿ ತೊಡಕು ಸೇಫ್‌ಡಿಸ್ಕ್ ಅನ್ನುವ ನಕಲು ತಡೆಯುವ ಬೀಗ. ಅದಕ್ಕೆ secdrv.sys ಅನ್ನುವ ಡ್ರೈವರ್ ಬೇಕು. ಭದ್ರತೆಯ ಕಾರಣಕ್ಕೆ ವಿಂಡೋಸ್ 10ರಲ್ಲಿ ಅದನ್ನ ಬಿಟ್ಟರು, 2015ರ ಸೆಪ್ಟೆಂಬರಿನ ಅಪ್‌ಡೇಟಿನಲ್ಲಿ ಹಳೇ ವಿಂಡೋಸುಗಳಲ್ಲೂ ನಿಲ್ಲಿಸಿದರು. ಕದ್ದ ಕಾಪಿ ಇಟ್ಟುಕೊಂಡವನ ಆಟ ಓಡುತ್ತೆ, ದುಡ್ಡು ಕೊಟ್ಟವನದ್ದು ಓಡಲ್ಲ. ಇರಲಿ.

ಸೋರ್ಸ್ ಸಿಕ್ಕಿದವನ ಕಥೆ

ಅಕ್ಕನ ಆಟದ ಪಕ್ಕದಲ್ಲೇ ಅದೇ ಡಿಸ್ಕಿನಲ್ಲಿ SKI.EXE ಕೂಡ ಇತ್ತು. ಸ್ಕೀಫ್ರೀ, ನಿಮ್ಮಲ್ಲಿ ಹಲವರು ಆಡಿರುತ್ತೀರಿ. ಹಿಮದ ಇಳಿಜಾರಿನಲ್ಲಿ ಜಾರುತ್ತಾ ಹೋದರೆ ಕೊನೆಗೆ ಒಂದು ಬೂದು ಬಣ್ಣದ ರಾಕ್ಷಸ ಬಂದು ನುಂಗುತ್ತಲ್ಲ, ಅದೇ. (F ಒತ್ತಿದರೆ ಅದರಿಂದ ತಪ್ಪಿಸಿಕೊಳ್ಳಬಹುದು ಅಂತ ನನಗೆ ಗೊತ್ತಾಗಿದ್ದು ಬಾಲ್ಯ ಮುಗಿದ ಮೇಲೆ!) ಅದರದ್ದೂ NE ಹೆಡರ್, ಅದಕ್ಕೂ ಅದೇ ಉತ್ತರ.

ಇದನ್ನ ಬರೆದವರು ಮೈಕ್ರೋಸಾಫ್ಟಿನ ಪ್ರೋಗ್ರಾಮರ್ ಕ್ರಿಸ್ ಪೈರಿ. ಮನೆಯಲ್ಲಿ ತಮ್ಮ ಖುಷಿಗೆ, ಕಲಿಯೋಕೆ ಅಂತ ಬರೆದದ್ದು. ಅದು 1991ರಲ್ಲಿ ವಿಂಡೋಸ್ ಎಂಟರ್‌ಟೈನ್‌ಮೆಂಟ್ ಪ್ಯಾಕ್ 3ರಲ್ಲಿ ಸೇರಿತು. ಅವರದ್ದೂ ಸೋರ್ಸ್ ಕೋಡ್ ಕಳೆದುಹೋಗಿತ್ತು. ಆದರೆ 2005ರಲ್ಲಿ ಅದು ಮತ್ತೆ ಸಿಕ್ಕಿತು. ಅವರು 32 ಬಿಟ್ಟಿಗೆ ಮತ್ತೆ ಕಂಪೈಲ್ ಮಾಡಿ ತಮ್ಮ ಪುಟದಲ್ಲಿ ಹಾಕಿದರು. ಆ ಫೈಲನ್ನ ಇಳಿಸಿಕೊಂಡೆ. PE ಹೆಡರ್. ಡಬಲ್ ಕ್ಲಿಕ್ ಮಾಡಿದ ತಕ್ಷಣ ವಿಂಡೋಸ್ 11ರ ಮೇಲೆ ರಾಕ್ಷಸ ಹಾಜರ್.

ಅದೇ ಆಟ, ಅದೇ ಕೋಡು. ಒಂದು ಓಡುತ್ತೆ, ಒಂದು ಓಡಲ್ಲ. ನಡುವೆ ಇರುವುದು ಸಿಕ್ಕಿದ ಸೋರ್ಸು ಮತ್ತು ಒಂದು ಕಂಪೈಲು ಅಷ್ಟೇ. ಇದನ್ನ ನೋಡಿದ ಮೇಲೆ ಬೂಷ್ಟು ಹಿಡಿದ ಆ ಫ್ಲಾಪಿ ನೆನೆದು ಹೊಟ್ಟೆ ಉರಿಯಿತು.

ಚೌಕಾಬಾರ ಎದ್ದದ್ದು

ಸೋರ್ಸ್ ಇಲ್ಲದವರಿಗೆ ಉಳಿದ ದಾರಿ ಎರಡು. ಒಂದು, ವರ್ಚುವಲ್ ಮಷೀನಿನಲ್ಲಿ ಹಳೇ 32 ಬಿಟ್ ವಿಂಡೋಸ್ ಇಡೀ ಹಾಕೋದು. ಓಡುತ್ತೆ, ಆದರೆ ತುಮಕೂರಿನ ಹುಡುಗಿಗೆ ಅದನ್ನ ಕಳಿಸೋದು ಹೇಗೆ? ಎರಡನೆಯದು winevdm ಅನ್ನುವ ಮುಕ್ತ ತಂತ್ರಾಂಶ. ಅದು ವೈನಿನ 16 ಬಿಟ್ ಭಾಗವನ್ನೇ ತಗೊಂಡು 64 ಬಿಟ್ ವಿಂಡೋಸಿಗೆ ಹೊಂದಿಸಿದ್ದು. 16 ಬಿಟ್ಟಿನ ಕೋಡನ್ನ ಪ್ರೊಸೆಸರಿಗೆ ಕೊಡದೆ ತಾನೇ ಅನುಕರಿಸುತ್ತೆ, ನಡುವೆ ನಿಂತು ದೊಡ್ಡ ಟೋಕನ್ನಿಗೆ ಸಣ್ಣ ಟೋಕನ್ ಬದಲಿಸಿಕೊಡುವ ಪಟ್ಟಿಯನ್ನೂ ಇಟ್ಟುಕೊಳ್ಳುತ್ತೆ. ನಾನು ಮೇಲೆ ಅಂದುಕೊಂಡದ್ದನ್ನ ಯಾರೋ ಪುಣ್ಯಾತ್ಮರು ಮಾಡಿಯೇ ಇದ್ದರು.

CHOUKA.EXEಯನ್ನ ಎಳೆದು otvdm.exe ಮೇಲೆ ಬಿಟ್ಟೆ. VBRUN300.DLL ಇಲ್ಲ ಅಂತ ತಕರಾರು ಬಂತು. ವಿಷುಯಲ್ ಬೇಸಿಕ್ 3ರ EXE ಒಳಗೆ ಪ್ರೊಸೆಸರಿಗೆ ಅರ್ಥವಾಗುವ ಪೂರ್ತಿ ಕೋಡ್ ಇರೋದಿಲ್ಲ, ಅದನ್ನ ಓದಿ ನಡೆಸುವವನು ಈ DLL. ಅದು ಹಳೇ ಡಿಸ್ಕಿನ C:\WINDOWS\SYSTEM ಫೋಲ್ಡರಿನಲ್ಲೇ ಸಿಕ್ಕಿತು. ಆಟದ ಪಕ್ಕದಲ್ಲಿ ತಂದಿಟ್ಟೆ.

ಕಿಟಕಿ ತೆರೆಯಿತು! ಐದು ಇಂಟು ಐದರ ಮನೆ, ಕಟ್ಟೆಗಳ ಮೇಲೆ ಅಡ್ಡಗೆರೆ. ಆದರೆ ಬಟನ್‌ಗಳ ಮೇಲೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಒಂದು ಕ್ಷಣ ಕೆಟ್ಟುಹೋಗಿದೆ ಅಂದುಕೊಂಡೆ. ಆಮೇಲೆ ಹೊಳೆಯಿತು. 1998ರಲ್ಲಿ ಯುನಿಕೋಡ್ ಕನ್ನಡ ಎಲ್ಲಿತ್ತು? ವಿಂಡೋಸಿಗೆ ಅದು ಬಂದದ್ದೇ 2001ರ ಎಕ್ಸ್‌ಪಿಯಲ್ಲಿ. ಅಕ್ಕ ಬಳಸಿದ್ದು ಆ ವರ್ಷವಷ್ಟೇ ಬಂದಿದ್ದ ಬರಹದ ಫಾಂಟು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನ ಕೂರಿಸಿದ ಫಾಂಟು. ಫಾಂಟ್ ಇಲ್ಲದಿದ್ದರೆ ಒಳಗಿನ ಇಂಗ್ಲಿಷ್ ಅಕ್ಷರ ಹೊರಗೆ ಬೀಳುತ್ತೆ. ಹಳೇ ಡಿಸ್ಕಿನ FONTS ಫೋಲ್ಡರಿನಿಂದ ಅದನ್ನೂ ತಂದು ಹಾಕಿ ಮತ್ತೆ ತೆರೆದೆ. "ಕವಡೆ ಹಾಕಿ" ಅಂತ ಅಚ್ಚ ಕನ್ನಡದಲ್ಲಿ ಬಂತು. 64 ಬಿಟ್ಟಿನ ಬೀಗ ತೆಗೆದ ಮೇಲೆ ನಮಗೆ ಮಾತ್ರ ಹಾಕಿದ್ದ ಇನ್ನೊಂದು ಬೀಗ ಇದು ನೋಡಿ.

ಭಾನುವಾರ ಮಾವನ ಮನೆಗೆ ಲ್ಯಾಪ್‌ಟಾಪ್ ತಗೊಂಡು ಹೋದೆ. ಅಕ್ಕ, ಅವಳ ಮಗಳು ಇಬ್ಬರೂ ಬಂದಿದ್ದರು. ಆಟ ತೆರೆದೆ. ಹುಡುಗಿ ಕವಡೆ ಬಟನ್ ಮೇಲೆ ಮೌಸ್ ಇಟ್ಟಳು. ಅವಳು ಒತ್ತುವ ಮೊದಲೇ ಸೋಫಾದಿಂದ ಮಾವ, "ಮೂರು ಬೀಳುತ್ತೆ. ಆಮೇಲೆ ಬಾರ" ಅಂದರು.

ಮೂರು ಬಿತ್ತು. ಆಮೇಲೆ ನಾಲ್ಕೂ ಕವಡೆ ಬೋರಲು, ಬಾರ, ಎಂಟು.

ಹುಡುಗಿ ತಾತನನ್ನೇ ನೋಡಿದಳು. ಅಕ್ಕ ಮುಖ ಮುಚ್ಚಿಕೊಂಡು ನಗತೊಡಗಿದಳು. ವಿಷುಯಲ್ ಬೇಸಿಕ್ಕಿನಲ್ಲಿ Rnd ಅಂತ ಬರೆದರೆ ಯಾವ್ಯಾವುದೋ ಸಂಖ್ಯೆ ಬರುತ್ತೆ. ಆದರೆ ಮೊದಲು ಒಂದು ಸಲ Randomize ಅಂತ ಬರೆಯದಿದ್ದರೆ ಪ್ರತಿ ಸಲ ಆಟ ಶುರುವಾದಾಗಲೂ ಅದೇ ಸಂಖ್ಯೆಗಳು ಅದೇ ಸಾಲಿನಲ್ಲಿ ಬರುತ್ತವೆ. ಅಕ್ಕ ಅದನ್ನ ಬರೆಯೋದು ಮರೆತಿದ್ದಳು. ಪೀಣ್ಯದ ಆ ರೂಮಿನಲ್ಲಿ ಆಡಿದವರಿಗೆಲ್ಲ ಮೊದಲ ಹತ್ತು ಕವಡೆ ಬಾಯಿಪಾಠ. ಅನುಕರಣೆ ಸರಿಯಾಗಿ ಆಗುತ್ತಿದೆ ಅನ್ನೋದಕ್ಕೆ ನನಗೆ ಬೇರೆ ಪರೀಕ್ಷೆಯೇ ಬೇಕಾಗಲಿಲ್ಲ.

"ಅಮ್ಮಾ, ರ್‍ಯಾಂಡಮ್ ಸೀಡ್ ಕೊಟ್ಟಿಲ್ಲ ನೀನು" ಅಂದಳು ಹುಡುಗಿ. ಬೈಯುವ ಹಾಗೆ.

"ಕೊಟ್ಟಿಲ್ಲ ಕಣೇ, ಮರೆತೆ" ಅಂದಳು ಅಕ್ಕ.

ಈಗ ಇಬ್ಬರೂ ಸೇರಿ ಅದನ್ನ ಪೈಥಾನಿನಲ್ಲಿ ಹೊಸದಾಗಿ ಬರೆಯುತ್ತಿದ್ದಾರೆ. ಸೋರ್ಸನ್ನ ಮೂರು ಕಡೆ ಇಡಿ ಅಂತ ಹೇಳಿದ್ದೇನೆ. ಕವಡೆಯ ವಿಷಯದಲ್ಲಿ ಮಾತ್ರ ಜಗಳ ನಡೀತಿದೆಯಂತೆ. ಮೊದಲು ಮೂರು, ಆಮೇಲೆ ಬಾರ, ಅದು ಹಾಗೇ ಇರಲಿ ಅಂತ ಮಾವನ ಹಟ.